ಫರ್ಮ್‌ವೇರ್ ಅಪ್‌ಗ್ರೇಡ್ ನಂತರ ಐಒ ಕನೆಕ್ಷನ್ ಬೀಳುತ್ತಿದೆಯಾ? ದೋಷ ಹುಡುಕುವ ಕ್ರಮ, ಹಿಂದಕ್ಕೆ ಹೋಗುವ ದಾರಿ

ಪಿಎಲ್‌ಸಿ ಕಂಟ್ರೋಲರ್ ಮತ್ತು ಅದರ ಈಥರ್‌ನೆಟ್ ಮಾಡ್ಯೂಲ್‌ನ ಫರ್ಮ್‌ವೇರ್ ಬದಲಾಯಿಸಿದ್ದೀರಿ. ಎರಡೂ ಸರಿಯಾಗಿ ಮುಗಿದಿವೆ ಎಂದು ಟೂಲ್ ಹೇಳಿತು. ಪ್ರೋಗ್ರಾಂ ಡೌನ್‌ಲೋಡ್ ಆಯಿತು. ಆದರೆ ಡ್ರೈವ್‌ಗಳು, ರಿಮೋಟ್ ಐಒ ರ‍್ಯಾಕ್‌ಗಳು ಕನೆಕ್ಟ್ ಆಗುತ್ತಿಲ್ಲ. ಅಥವಾ ಕನೆಕ್ಟ್ ಆಗಿ ಆಗಾಗ ಬೀಳುತ್ತಿವೆ. ಈ ಬರಹ ಇರುವುದು ಆ ಹೊತ್ತಿಗೆ. ನೆಟ್‌ವರ್ಕ್ ಈಥರ್‌ನೆಟ್/ಐಪಿ ಎಂದು ಇಟ್ಟುಕೊಂಡಿದ್ದೇನೆ. ಎರರ್ ಕೋಡ್‌ಗಳು ಆ ಪ್ರೋಟೋಕಾಲ್‌ನವೇ, ಆದ್ದರಿಂದ ಉಪಕರಣ ಯಾವ ಕಂಪನಿಯದಾದರೂ ಅರ್ಥ ಒಂದೇ.

ಮೊದಲು ಒಂದು ಮಾತು. ಇಂಥ ಹೊತ್ತಲ್ಲಿ ಎಲ್ಲರೂ ಹೊಸ ಫರ್ಮ್‌ವೇರ್ ಮೇಲೆಯೇ ಅನುಮಾನಪಡುತ್ತಾರೆ. ಆದರೆ ಇಲ್ಲಿ ಹೊಂದಿಕೆಯಾಗಬೇಕಾದ ಸಂಗತಿಗಳು ಮೂರು: ಕಂಟ್ರೋಲರ್ ಫರ್ಮ್‌ವೇರ್, ಮಾಡ್ಯೂಲ್ ಫರ್ಮ್‌ವೇರ್, ಮತ್ತು ಪ್ರಾಜೆಕ್ಟ್ ಫೈಲ್. ಪ್ರಾಜೆಕ್ಟ್ ಒಳಗೆ ಮಾಡ್ಯೂಲ್‌ನ ಆವೃತ್ತಿಯೂ ಬರೆದಿರುತ್ತದೆ. ಮೂರರಲ್ಲಿ ಒಂದು ಉಳಿದವುಗಳ ಜೊತೆ ಹೊಂದದಿದ್ದರೂ ಕನೆಕ್ಷನ್ ತೆರೆಯದೇ ಇರಬಹುದು. ಇವುಗಳ ಜೊತೆಗೆ ಮಾಡ್ಯೂಲ್ ತನ್ನೊಳಗೆ ಇಟ್ಟುಕೊಳ್ಳುವ ಸೆಟ್ಟಿಂಗ್‌ಗಳಿವೆ: ಐಪಿ, ಪೋರ್ಟ್ ವೇಗ, ಡ್ಯೂಪ್ಲೆಕ್ಸ್. ಡ್ಯೂಪ್ಲೆಕ್ಸ್ ಅಂದರೆ ಲಿಂಕ್‌ನ ಎರಡೂ ತುದಿ ಒಂದೇ ಹೊತ್ತಿಗೆ ಕಳುಹಿಸಬಹುದೋ (ಫುಲ್), ಸರದಿಯಲ್ಲಿ ಮಾತ್ರವೋ (ಹಾಫ್) ಅನ್ನುವುದು. ಇವು ಯಾವ ಪ್ರಾಜೆಕ್ಟ್ ಫೈಲ್‌ನಲ್ಲೂ ಇರದೇ ಇರಬಹುದು. ದೋಷ ಹುಡುಕುವುದೆಂದರೆ ಈ ನಾಲ್ಕರಲ್ಲಿ ಯಾವುದು ಉಳಿದವುಗಳ ಜೊತೆ ಹೊಂದುತ್ತಿಲ್ಲ ಎಂದು ನೋಡುವುದು.

ಒಟ್ಟಿಗೆ ಬದಲಾಯಿಸಬೇಡಿ: ಎ, ಬಿ, ಸಿ

ದೋಷ ಬೇಗ ಸಿಗುತ್ತದೋ ಇಲ್ಲವೋ ಅನ್ನುವುದು ಅಪ್‌ಗ್ರೇಡ್ ಮಾಡಿದ ಕ್ರಮದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಈಗ ನಡೆಯುತ್ತಿರುವ ಸ್ಥಿತಿಯನ್ನು ಎ ಎನ್ನಿ. ಹಳೆ ಕಂಟ್ರೋಲರ್, ಹಳೆ ಮಾಡ್ಯೂಲ್. ಎರಡೂ ಹೊಸದಾದ ಸ್ಥಿತಿ ಸಿ. ಎ ಇಂದ ಸಿ ಗೆ ಒಂದೇ ಜಿಗಿತದಲ್ಲಿ ಹೋದರೆ, ಕೆಟ್ಟದ್ದು ಯಾವುದರಿಂದ ಎಂದು ಹೇಳಲು ಆಗುವುದಿಲ್ಲ. ನಡುವೆ ಬಿ ಎಂಬ ನಿಲ್ದಾಣ ಬೇಕು: ಹಳೆ ಕಂಟ್ರೋಲರ್, ಹೊಸ ಮಾಡ್ಯೂಲ್. ಅಲ್ಲಿ ನಿಂತು ಲೈನ್ ಓಡಿಸಿ ನೋಡಿ, ಆಮೇಲೆ ಕಂಟ್ರೋಲರ್ ಮುಟ್ಟಬೇಕು.

ಮಾಡ್ಯೂಲ್ ಯಾಕೆ ಮೊದಲು? ಮಾಡ್ಯೂಲ್ ಬದಲಾದರೆ ಕಂಟ್ರೋಲರ್ ಒಳಗಿನ ಪ್ರೋಗ್ರಾಂ ಹಾಗೇ ಉಳಿಯುತ್ತದೆ. ಕಂಟ್ರೋಲರ್ ಫ್ಲ್ಯಾಶ್ ಮಾಡಿದರೆ ಹಲವು ಉಪಕರಣಗಳಲ್ಲಿ ಪ್ರೋಗ್ರಾಂ ಪೂರ್ತಿ ಅಳಿಸಿಹೋಗುತ್ತದೆ, ಮತ್ತೆ ಡೌನ್‌ಲೋಡ್ ಮಾಡಬೇಕು. ಚಿಕ್ಕ ಬದಲಾವಣೆ ಮೊದಲು ಆಗಲಿ ಅನ್ನುವುದು ಲೆಕ್ಕ. ಆದರೆ ಇದು ಕಣ್ಣು ಮುಚ್ಚಿ ಪಾಲಿಸುವ ನಿಯಮವಲ್ಲ. ಹೊಸ ಮಾಡ್ಯೂಲ್ ಫರ್ಮ್‌ವೇರ್ ಹಳೆ ಕಂಟ್ರೋಲರ್ ಜೊತೆ ಕೆಲಸ ಮಾಡುತ್ತದೆ ಎಂದು ತಯಾರಕರ ಹೊಂದಾಣಿಕೆ ಪಟ್ಟಿ ಹೇಳಬೇಕು. ಹೇಳದಿದ್ದರೆ ಬಿ ಅನ್ನು ತಿರುಗಿಸಿ: ಹೊಸ ಕಂಟ್ರೋಲರ್, ಹಳೆ ಮಾಡ್ಯೂಲ್. ಎರಡೂ ಕೂಡದಿದ್ದರೆ ಮಾತ್ರ ಒಂದೇ ಜಿಗಿತ. ಆಗ ಟೇಬಲ್ ಮೇಲೆ ಬೇರೆ ಸೆಟ್ ಜೋಡಿಸಿ ಪರೀಕ್ಷಿಸದೆ ಲೈನ್‌ಗೆ ಹೋಗಬಾರದು.

ಹೊಂದಾಣಿಕೆ ಪಟ್ಟಿ ಓದುವಾಗ ನಾನು ಹುಡುಕುವುದು ಮೂರು ಸಾಲು. ಒಂದು, ಹಳೆ ಆವೃತ್ತಿಯಿಂದ ಹೊಸದಕ್ಕೆ ನೇರ ಹೋಗಬಹುದಾ, ನಡುವೆ ಇನ್ನೊಂದು ಆವೃತ್ತಿ ಹಾಕಲೇಬೇಕಾ ಅನ್ನುವುದು. ಎರಡು, ನಮ್ಮ ಹಾರ್ಡ್‌ವೇರ್ ಸರಣಿಗೆ ಈ ಫರ್ಮ್‌ವೇರ್ ಇದೆಯಾ ಅನ್ನುವುದು. ಒಂದೇ ಮಾದರಿ ಸಂಖ್ಯೆಯ ಎರಡು ಮಾಡ್ಯೂಲ್‌ಗಳ ಸರಣಿ ಅಕ್ಷರ ಬೇರೆ ಇರಬಹುದು, ಫರ್ಮ್‌ವೇರ್ ಕೂಡ ಬೇರೆ ಆಗಬಹುದು. ಮೂರನೆಯದು, ಹೊಸದಕ್ಕೆ ಹೋದ ಮೇಲೆ ಹಿಂದಿನದಕ್ಕೆ ಬರಲು ಸಾಧ್ಯವೇ? ಸಹಿ ಇರುವ ಫರ್ಮ್‌ವೇರ್ ಒಮ್ಮೆ ಹತ್ತಿದ ಮೇಲೆ ಸಹಿ ಇಲ್ಲದ ಹಳೆಯದನ್ನು ಕೆಲವು ಮಾಡ್ಯೂಲ್‌ಗಳು ಒಪ್ಪುವುದೇ ಇಲ್ಲ. ಈ ಸಾಲು ಕಣ್ಣಿಗೆ ಬಿದ್ದರೆ ರೋಲ್‌ಬ್ಯಾಕ್ ಯೋಜನೆಯೇ ಬದಲಾಗುತ್ತದೆ. ಆಗ ಹಿಂದಕ್ಕೆ ಹೋಗುವುದೆಂದರೆ ಹಳೆ ಫರ್ಮ್‌ವೇರ್ ಇರುವ ಬಿಡಿ ಮಾಡ್ಯೂಲ್ ಹಾಕುವುದು, ಬೇರೆ ದಾರಿ ಇಲ್ಲ.

ಬ್ಯಾಕಪ್: ಫೈಲ್ ಇದ್ದರೆ ಸಾಲದು

ಕಂಪ್ಯೂಟರ್‌ನಲ್ಲಿ ಪ್ರಾಜೆಕ್ಟ್ ಫೈಲ್ ಇದೆ, ಅದೇ ಬ್ಯಾಕಪ್ ಎಂದುಕೊಂಡರೆ ತೊಂದರೆ. ಆ ಫೈಲ್‌ನಲ್ಲಿ ಲಾಜಿಕ್ ಇರುತ್ತದೆ, ಕಾಮೆಂಟ್‌ಗಳೂ ಇರುತ್ತವೆ. ಆದರೆ ಆಪರೇಟರ್ ವರ್ಷಗಟ್ಟಲೆ ತಿದ್ದಿದ ಸೆಟ್‌ಪಾಯಿಂಟ್, ಪಿಐಡಿ ಮೌಲ್ಯ, ರೆಸಿಪಿ, ಒಟ್ಟು ಉತ್ಪಾದನೆಯ ಲೆಕ್ಕ ಇವೆಲ್ಲ ಕಂಟ್ರೋಲರ್ ಮೆಮೊರಿಯಲ್ಲಿ ಇರುತ್ತವೆ. ಹಳೆ ಫೈಲ್ ಡೌನ್‌ಲೋಡ್ ಮಾಡಿದರೆ ಅವು ಕಮಿಷನಿಂಗ್ ದಿನದ ಮೌಲ್ಯಕ್ಕೆ ಹೋಗಿಬಿಡುತ್ತವೆ. ಯಂತ್ರ ಓಡುತ್ತದೆ, ಆದರೆ ತಪ್ಪಾಗಿ ಓಡುತ್ತದೆ. ಯಾವ ಎಲ್‌ಇಡಿಯೂ ಕೆಂಪಾಗುವುದಿಲ್ಲ.

ಆದ್ದರಿಂದ ಎರಡು ಬಾರಿ ತೆಗೆಯಿರಿ. ಹಿಂದಿನ ದಿನ ಒಂದು ಅಪ್‌ಲೋಡ್ ಮಾಡಿ, ಕೈಯಲ್ಲಿರುವ ಫೈಲ್ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಸಿಕ್ಕರೆ ಯಾಕೆ ಎಂದು ವಿಚಾರಿಸಲು ಸಮಯ ಸಿಗುತ್ತದೆ. ಎರಡನೆಯದು ಲೈನ್ ನಿಂತ ಮೇಲೆ, ಫ್ಲ್ಯಾಶ್ ಶುರುವಾಗುವ ಮೊದಲು. ಲೆಕ್ಕಗಳು ಅಲ್ಲಿಗೆ ನಿಂತಿರುತ್ತವೆ, ಹಾಗಾಗಿ ಆ ಮೌಲ್ಯಗಳೇ ಸರಿಯಾದವು.

ಮಾಡ್ಯೂಲ್‌ನ ಸೆಟ್ಟಿಂಗ್ ಪುಟಗಳನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಐಪಿ, ಮಾಸ್ಕ್, ಗೇಟ್‌ವೇ, ಐಪಿ ಸ್ಥಿರವಾಗಿದೆಯೋ ಡಿಎಚ್‌ಸಿಪಿಯಿಂದ ಬರುತ್ತದೋ, ಪ್ರತಿ ಪೋರ್ಟ್‌ನ ವೇಗ ಮತ್ತು ಡ್ಯೂಪ್ಲೆಕ್ಸ್, ರಿಂಗ್ ಇದ್ದರೆ ಅದರ ಸೆಟ್ಟಿಂಗ್. ಮುಂಭಾಗದಲ್ಲಿ ತಿರುಗಿಸುವ ಸ್ವಿಚ್ ಇದ್ದರೆ ಅದರ ಫೋಟೊ. ಇದಕ್ಕೆ ಹತ್ತು ನಿಮಿಷವೂ ಬೇಡ. ಮುಂದೆ ಹೇಳುವ ಪ್ರಕರಣದಲ್ಲಿ ಎರಡನೇ ದೋಷ ಸಿಕ್ಕಿದ್ದು ಇಂಥ ಒಂದು ಸ್ಕ್ರೀನ್‌ಶಾಟ್‌ನಿಂದಲೇ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಪ್ರಾಜೆಕ್ಟ್ ಅನ್ನು ಹೊಸ ಆವೃತ್ತಿಗೆ ಬದಲಾಯಿಸಿ ಸೇವ್ ಮಾಡಿದ ಮೇಲೆ ಹಳೆ ಸಾಫ್ಟ್‌ವೇರ್‌ನಲ್ಲಿ ಅದು ತೆರೆಯುವುದಿಲ್ಲ. ಅದಕ್ಕೇ ಎ, ಬಿ, ಸಿ ಮೂರಕ್ಕೂ ಬೇರೆ ಬೇರೆ ಫೈಲ್ ಇರಲಿ. ಹಳೆ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ನಲ್ಲಿ ಉಳಿದಿರಲಿ. ಎರಡೂ ಉಪಕರಣಗಳ ಹಳೆ ಫರ್ಮ್‌ವೇರ್ ಫೈಲ್ ಕೈಯಲ್ಲಿರಲಿ. ಫೈಲ್ ಪೂರ್ತಿ ಇಳಿದಿದೆಯಾ ಎಂದು ತಯಾರಕರು ಕೊಟ್ಟ ಹ್ಯಾಶ್ ಜೊತೆ ನೋಡಿ:

```
certutil -hashfile firmware_old.bin SHA256
```

ಮುಟ್ಟುವ ಮೊದಲು ಪ್ರತಿ ಉಪಕರಣದ ಗುರುತನ್ನೂ ಓದಿಟ್ಟುಕೊಳ್ಳಬೇಕು. ಟೂಲ್‌ನಲ್ಲೇ ಆಗುತ್ತದೆ. ಪೈಥಾನ್ ಬಳಸುವವರಿಗೆ ಇದು ಸುಲಭ:

```
from pycomm3 import CIPDriver
print(CIPDriver.list_identity('192.168.1.20'))
```

ತಯಾರಕ, ಉಪಕರಣದ ವಿಧ, ಪ್ರಾಡಕ್ಟ್ ಕೋಡ್, ಆವೃತ್ತಿಯ ದೊಡ್ಡ ಮತ್ತು ಚಿಕ್ಕ ಸಂಖ್ಯೆ, ಸೀರಿಯಲ್ ನಂಬರ್ ಎಲ್ಲ ಒಂದೇ ಉತ್ತರದಲ್ಲಿ ಬರುತ್ತವೆ. ಇದು ಓದುವ ಕೆಲಸ ಮಾತ್ರ, ಲೈನ್ ಓಡುತ್ತಿದ್ದರೂ ಮಾಡಬಹುದು.

ಫ್ಲ್ಯಾಶ್ ಶುರುವಾದಾಗ ಕಂಟ್ರೋಲ್ ಇರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಔಟ್‌ಪುಟ್‌ಗಳು ಫಾಲ್ಟ್ ಸಮಯಕ್ಕೆ ನಿಗದಿ ಮಾಡಿದ ಸ್ಥಿತಿಗೆ ಹೋಗುತ್ತವೆ. ಅದು ಆಫ್ ಆಗಿರಬಹುದು, ಹಿಂದಿನ ಸ್ಥಿತಿಯನ್ನೇ ಹಿಡಿದಿಡುವುದೂ ಆಗಿರಬಹುದು. ವಿದ್ಯುತ್, ಗಾಳಿ, ಹೈಡ್ರಾಲಿಕ್ ಒತ್ತಡ ಬೇರ್ಪಡಿಸಿ ಬೀಗ ಹಾಕಿದ ಮೇಲೆಯೇ ಶುರು ಮಾಡಿ. ಸೇಫ್ಟಿ ಕಂಟ್ರೋಲರ್ ಆಗಿದ್ದರೆ ಸೇಫ್ಟಿ ಭಾಗವನ್ನು ಮತ್ತೆ ಪರೀಕ್ಷಿಸಿ ಒಪ್ಪಿಗೆ ಪಡೆಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಕರಣ: ಒಂದರ ಹಿಂದೆ ಅಡಗಿದ್ದ ಇನ್ನೊಂದು ದೋಷ

ಒಂದು ಕನ್ವೇಯರ್ ಲೈನ್. ಒಂದು ಕಂಟ್ರೋಲರ್, ಅದರ ರ‍್ಯಾಕ್‌ನಲ್ಲೇ ಒಂದು ಈಥರ್‌ನೆಟ್ ಮಾಡ್ಯೂಲ್, ವಿಳಾಸ 192.168.1.20. ಅದರ ಕೆಳಗೆ 6 ಡ್ರೈವ್, 2 ರಿಮೋಟ್ ಐಒ ರ‍್ಯಾಕ್. ಎಲ್ಲ ಒಂದು ಮ್ಯಾನೇಜ್ಡ್ ಸ್ವಿಚ್‌ಗೆ ಸೇರುತ್ತವೆ. ಅದೇ ಸ್ವಿಚ್‌ಗೆ ಎಚ್‌ಎಂಐ ಪ್ಯಾನೆಲ್ ಮತ್ತು ಡೇಟಾ ದಾಖಲಿಸುವ ಕಂಪ್ಯೂಟರ್ ಕೂಡ. ಮಾಡ್ಯೂಲ್ 2.3 ಇಂದ 3.1 ಕ್ಕೆ, ಕಂಟ್ರೋಲರ್ 4.2 ಇಂದ 6.1 ಕ್ಕೆ ಹೋಗಬೇಕಿತ್ತು.

ಮಾಡ್ಯೂಲ್ ಫ್ಲ್ಯಾಶ್ ಆಯಿತು. ಲ್ಯಾಪ್‌ಟಾಪ್ ಅನ್ನು ಕಂಟ್ರೋಲರ್‌ನ ಯುಎಸ್‌ಬಿ ಪೋರ್ಟ್‌ಗೆ ಹಾಕಿದ್ದರು. ಇದು ಒಳ್ಳೆಯ ಅಭ್ಯಾಸ. ನೆಟ್‌ವರ್ಕ್ ದಾರಿಯೇ ಬಿದ್ದುಹೋದರೂ ಮಾಡ್ಯೂಲ್‌ಗೆ ರ‍್ಯಾಕ್ ಮೂಲಕ ತಲುಪಬಹುದು.

ಬಿ ಸ್ಥಿತಿ ಬಂತು. ಮಾಡ್ಯೂಲ್‌ನ ಸ್ಥಿತಿ ಎಲ್‌ಇಡಿ ಗಟ್ಟಿ ಹಸಿರು. ಆದರೆ ನೆಟ್‌ವರ್ಕ್ ಎಲ್‌ಇಡಿ ಮಿನುಗುವ ಹಸಿರು. 6 ಡ್ರೈವ್, 2 ರ‍್ಯಾಕ್, ಎಂಟೂ ಫಾಲ್ಟ್.

ಇಲ್ಲಿ ಎಲ್‌ಇಡಿ ಏನು ಹೇಳುತ್ತಿದೆ ನೋಡಿ. ನೆಟ್‌ವರ್ಕ್ ಎಲ್‌ಇಡಿ ಪೂರ್ತಿ ಆರಿದ್ದರೆ ಐಪಿ ವಿಳಾಸವೇ ಇಲ್ಲ ಎಂದರ್ಥ. ಮಿನುಗುವ ಹಸಿರು ಅಂದರೆ ವಿಳಾಸ ಇದೆ, ಕನೆಕ್ಷನ್ ಒಂದೂ ಇಲ್ಲ. ಮಿನುಗುವ ಕೆಂಪು ಅಂದರೆ ಕನೆಕ್ಷನ್ ಇತ್ತು, ಸಮಯ ಮೀರಿ ಬಿದ್ದಿದೆ. ಗಟ್ಟಿ ಕೆಂಪು ಅಂದರೆ ಅದೇ ಐಪಿ ಇನ್ನೊಂದು ಉಪಕರಣದಲ್ಲೂ ಇದೆ. ಹಾಗಾಗಿ ಇಲ್ಲಿ ಕೇಬಲ್, ಸ್ವಿಚ್, ಐಪಿಯಿಂದ ಹುಡುಕಾಟ ಶುರು ಮಾಡುವ ಅಗತ್ಯ ಇರಲಿಲ್ಲ. ಕನೆಕ್ಷನ್ ಯಾಕೆ ತೆರೆಯುತ್ತಿಲ್ಲ ಅನ್ನುವುದಷ್ಟೇ ಪ್ರಶ್ನೆ.

ಉತ್ತರ ಪ್ರಾಜೆಕ್ಟ್‌ನ ಐಒ ಮರದಲ್ಲಿತ್ತು. ಎಂಟು ಉಪಕರಣಗಳ ಫಾಲ್ಟ್ ಬಿಟ್ಟು, ಅವುಗಳ ಮೇಲಿನ ಈಥರ್‌ನೆಟ್ ಮಾಡ್ಯೂಲ್‌ನ ಫಾಲ್ಟ್ ನೋಡಬೇಕು. ಅಲ್ಲಿದ್ದ ಕೋಡ್ `0x0116`. ಆವೃತ್ತಿ ಹೊಂದುತ್ತಿಲ್ಲ ಎಂದು ಅದರ ಅರ್ಥ. ಇದರ ಪಕ್ಕದ ಎರಡನ್ನೂ ತಿಳಿದಿರಿ: `0x0114` ಬಂದರೆ ತಯಾರಕ ಅಥವಾ ಪ್ರಾಡಕ್ಟ್ ಕೋಡ್ ಬೇರೆ, `0x0115` ಬಂದರೆ ಉಪಕರಣದ ವಿಧವೇ ಬೇರೆ. ಬರೀ ಫರ್ಮ್‌ವೇರ್ ಬದಲಾಯಿಸಿದಾಗ `0x0114` ಬಂದರೆ ಒಂದು ಹೆಜ್ಜೆ ನಿಲ್ಲಿ. ಬೇರೆ ಸ್ಲಾಟ್‌ನ ಮಾಡ್ಯೂಲ್ ನೋಡುತ್ತಿರಬಹುದು. ಇಲ್ಲವೇ ಫ್ಲ್ಯಾಶ್ ಅರ್ಧಕ್ಕೆ ನಿಂತು ಮಾಡ್ಯೂಲ್ ಬೂಟ್ ಸ್ಥಿತಿಯಲ್ಲಿ ಬೇರೆ ಗುರುತು ತೋರಿಸುತ್ತಿರಬಹುದು.

`0x0116` ಯಾಕೆ ಬಂತು? ಕನೆಕ್ಷನ್ ತೆರೆಯುವಾಗ ಕಂಟ್ರೋಲರ್ ಒಂದು ಎಲೆಕ್ಟ್ರಾನಿಕ್ ಕೀ ಕಳುಹಿಸುತ್ತದೆ. ನಾನು ನಿರೀಕ್ಷಿಸುವ ಉಪಕರಣ ಇಂಥದ್ದು, ಆವೃತ್ತಿ ಇಂಥದ್ದು ಎಂದು ಅದರಲ್ಲಿ ಇರುತ್ತದೆ. ಪ್ರಾಜೆಕ್ಟ್‌ನಲ್ಲಿ ಕೀಯಿಂಗ್ ‘ಪೂರ್ತಿ ಹೊಂದಿಕೆ’ ಎಂದಿತ್ತು, ಆವೃತ್ತಿ 2.3 ಎಂದಿತ್ತು. ಎದುರಿಗಿರುವುದು 3.1. ಮಾಡ್ಯೂಲ್ ಬಾಗಿಲು ಮುಚ್ಚಿತು. ಅದು ಸರಿಯಾಗಿಯೇ ನಡೆದುಕೊಂಡಿತು.

ಇಲ್ಲಿ ಎರಡು ಅಡ್ಡದಾರಿ ಇವೆ. ಕೀಯಿಂಗ್ ಅನ್ನು ‘ಹೊಂದಾಣಿಕೆಯಾದರೆ ಸಾಕು’ ಎಂದು ಬದಲಾಯಿಸಬಹುದು. ಆಗ ಕೀಯಲ್ಲಿ ಒಂದು ಬಿಟ್ ಏರುತ್ತದೆ, ಹಳೆ ಆವೃತ್ತಿಯಂತೆ ನಡೆದುಕೊಳ್ಳಲು ಸಾಧ್ಯವೇ ಎಂದು ಮಾಡ್ಯೂಲ್ ತಾನೇ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬದಲಾದರೂ ಕೆಲವು ಮಾಡ್ಯೂಲ್ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪಿದರೆ ತೊಂದರೆ ಇಲ್ಲ, ಇದು ಸರಿಯಾದ ದಾರಿಯೇ. ಇನ್ನೊಂದು, ಕೀಯಿಂಗ್ ಅನ್ನೇ ತೆಗೆದುಹಾಕುವುದು. ಇದನ್ನು ನಾನು ಶಾಶ್ವತ ಪರಿಹಾರವಾಗಿ ಒಪ್ಪುವುದಿಲ್ಲ. ಡೇಟಾದ ಗಾತ್ರ ಬದಲಾಗಿದ್ದರೆ `0x0109` ಎಂಬ ಗಾತ್ರದ ದೋಷ ಬರುತ್ತದೆ, ಅದು ಒಳ್ಳೆಯದೇ, ಕಣ್ಣಿಗೆ ಕಾಣುತ್ತದೆ. ಗಾತ್ರ ಒಂದೇ ಇದ್ದು ಒಳಗಿನ ಬಿಟ್‌ಗಳ ಜಾಗ ಬದಲಾಗಿದ್ದರೆ? ಕನೆಕ್ಷನ್ ತೆರೆಯುತ್ತದೆ, ಎಲ್ಲ ಹಸಿರು ತೋರಿಸುತ್ತದೆ, ಆದರೆ ಓದುತ್ತಿರುವ ಬಿಟ್ ಬೇರೆ ಯಾವುದೋ ಆಗಿರುತ್ತದೆ. ಇದಕ್ಕಿಂತ ಫಾಲ್ಟ್ ಬರುವುದೇ ಎಷ್ಟೋ ಮೇಲು.

ತಂಡ ಮಾಡಿದ್ದು ಬಿ ಗಾಗಿ ಮೊದಲೇ ಸಿದ್ಧಪಡಿಸಿದ್ದ ಪ್ರಾಜೆಕ್ಟ್ ಡೌನ್‌ಲೋಡ್ ಮಾಡುವುದು. ಅದರಲ್ಲಿ ಮಾಡ್ಯೂಲ್‌ನ ಆವೃತ್ತಿ 3.1 ಎಂದು ತಿದ್ದಿ, ಉಪಕರಣದ ವಿವರ ಸಾಫ್ಟ್‌ವೇರ್‌ಗೆ ತಿಳಿಸುವ ಹೊಸ ಇಡಿಎಸ್ ಫೈಲ್ ನೋಂದಾಯಿಸಿದ್ದರು. ಲೈನ್ ನಿಂತ ಮೇಲೆ ಅಪ್‌ಲೋಡ್ ಮಾಡಿದ ಮೌಲ್ಯಗಳನ್ನು ಅದಕ್ಕೆ ತುಂಬಿದರು. ಎಂಟೂ ಉಪಕರಣಗಳು ಬಂದವು. ನೆಟ್‌ವರ್ಕ್ ಎಲ್‌ಇಡಿ ಗಟ್ಟಿ ಹಸಿರು. ಡ್ರೈವ್‌ಗಳನ್ನು ಒಂದೊಂದಾಗಿ ಓಡಿಸಿದರು, ಸರಿಯಾಗಿತ್ತು. ಬಿ ಮುಗಿಯಿತು ಎಂದು ಕಂಟ್ರೋಲರ್‌ಗೆ ಹೋದರು. ಫ್ಲ್ಯಾಶ್ ಆಯಿತು, ಸಿ ಪ್ರಾಜೆಕ್ಟ್ ಇಳಿಯಿತು, ಎಲ್ಲ ಹಸಿರು.

ಎಚ್‌ಎಂಐ ಮತ್ತು ಡೇಟಾ ಕಂಪ್ಯೂಟರ್‌ನ ಕೇಬಲ್ ಮತ್ತೆ ಹಾಕಿ ಲೈನ್ ಓಡಿಸಿದಾಗ ಹೊಸ ತೊಂದರೆ ಶುರುವಾಯಿತು. ಕೆಲವು ನಿಮಿಷಕ್ಕೊಮ್ಮೆ ಯಾವುದಾದರೂ ಒಂದು ಡ್ರೈವ್ ಬೀಳುತ್ತಿತ್ತು, ತಾನಾಗಿ ಮತ್ತೆ ಬರುತ್ತಿತ್ತು. ಕೋಡ್ `0x0203`. ಕನೆಕ್ಷನ್ ಸಮಯ ಮೀರಿದೆ ಎಂದು ಅರ್ಥ.

ಎಲ್ಲರ ಕಣ್ಣು ಕಂಟ್ರೋಲರ್ ಮೇಲೆ ಹೋಯಿತು. ಕೊನೆಗೆ ಬದಲಾಗಿದ್ದು ಅದೇ ಅಲ್ವಾ. ರೋಲ್‌ಬ್ಯಾಕ್ ಮಾಡೋಣ ಎಂಬ ಮಾತು ಬಂತು. ಆದರೆ ನೋಡಿ, `0x0203` ಮತ್ತು `0x0116` ಬೇರೆ ಜಾತಿಯ ದೋಷಗಳು. ಮೊದಲನೆಯದು ಬಂದಿದ್ದರೆ ಕೀ ಹೊಂದಿಕೆಯಾಗಿದೆ, ಕನೆಕ್ಷನ್ ತೆರೆದಿದೆ, ಡೇಟಾ ಹರಿದಿದೆ, ಆಮೇಲೆ ಪ್ಯಾಕೆಟ್ ಬರುವುದು ನಿಂತಿದೆ. ಅಂದರೆ ಹುಡುಕಬೇಕಾದದ್ದು ಕಳೆದುಹೋಗುವ ಪ್ಯಾಕೆಟ್. ಇದರ ಜೊತೆಗೆ `0x0204` ಅನ್ನು ಕಲಸಬೇಡಿ. ಅದು ಕನೆಕ್ಷನ್ ತೆರೆಯಿರಿ ಎಂಬ ಕೋರಿಕೆಗೇ ಉತ್ತರ ಬಾರದಾಗ ಬರುತ್ತದೆ. ಐಪಿ ತಪ್ಪಿದ್ದರೆ, ಉಪಕರಣ ಆಫ್ ಇದ್ದರೆ ಕಾಣುವುದು ಅದೇ.

ಎಷ್ಟು ಪ್ಯಾಕೆಟ್ ಕಳೆದರೆ ಬೀಳುತ್ತದೆ? ಡ್ರೈವ್‌ಗಳ ಆರ್‌ಪಿಐ 20 ಮಿಲಿಸೆಕೆಂಡ್ ಇತ್ತು, ಅಂದರೆ ಅಷ್ಟಕ್ಕೊಮ್ಮೆ ಡೇಟಾ ಬರಬೇಕು. ಟೈಮ್‌ಔಟ್ ಗುಣಕ 4. ಹಾಗಾಗಿ 20 × 4 = 80 ಮಿಲಿಸೆಕೆಂಡ್ ಏನೂ ಬಾರದಿದ್ದರೆ ಕನೆಕ್ಷನ್ ಬೀಳುತ್ತದೆ. ಐಒ ಡೇಟಾ ಯುಡಿಪಿ 2222 ಪೋರ್ಟ್‌ನಲ್ಲಿ ಹೋಗುತ್ತದೆ, ಕಳೆದ ಪ್ಯಾಕೆಟ್ ಮತ್ತೆ ಕಳುಹಿಸುವ ವ್ಯವಸ್ಥೆ ಅದರಲ್ಲಿ ಇಲ್ಲ. ಸಾಲಾಗಿ ನಾಲ್ಕು ಕಳೆದರೆ ಮುಗಿಯಿತು. ಪ್ರೋಗ್ರಾಮಿಂಗ್ ಮತ್ತು ಎಚ್‌ಎಂಐ ಮಾತುಕತೆ ಟಿಸಿಪಿ 44818 ರಲ್ಲಿ ನಡೆಯುತ್ತದೆ, ಅದು ಕಳೆದದ್ದನ್ನು ಮತ್ತೆ ಕಳುಹಿಸುತ್ತದೆ. ಅದಕ್ಕೇ ಎಚ್‌ಎಂಐ ಸ್ವಲ್ಪ ನಿಧಾನವಾದಂತೆ ಕಂಡರೂ ಬೀಳುತ್ತಿರಲಿಲ್ಲ, ಡ್ರೈವ್ ಬೀಳುತ್ತಿತ್ತು.

ಸುಮ್ನೆ ಪಿಂಗ್ ಮಾಡಿದರೆ ಇಂಥ ದೋಷ ಕಾಣುವುದಿಲ್ಲ. ಚಿಕ್ಕ ಪ್ಯಾಕೆಟ್ ಸೆಕೆಂಡಿಗೆ ಒಂದು ಹೋದರೆ ಎಲ್ಲಕ್ಕೂ ಉತ್ತರ ಬರಬಹುದು. ಲ್ಯಾಪ್‌ಟಾಪ್ ಅನ್ನು ಸ್ವಿಚ್‌ಗೆ ಹಾಕಿ ದೊಡ್ಡ ಪ್ಯಾಕೆಟ್ ಕಳುಹಿಸಿ, ಲೈನ್ ಓಡುತ್ತಿರುವಾಗಲೇ. ಮೊದಲನೆಯದು ಮಾಡ್ಯೂಲ್‌ಗೆ, ಎರಡನೆಯದು ಒಂದು ಡ್ರೈವ್‌ಗೆ:

```
ping -n 500 -l 1400 192.168.1.20
ping -n 500 -l 1400 192.168.1.31
```

ಡ್ರೈವ್‌ಗೆ ಪಿಂಗ್ ಪೂರ್ತಿ ಸ್ವಚ್ಛ. ಮಾಡ್ಯೂಲ್‌ಗೆ ಮಾತ್ರ ಕೆಲವು ಉತ್ತರ ಬರಲಿಲ್ಲ. ಲ್ಯಾಪ್‌ಟಾಪ್‌ನಿಂದ ಸ್ವಿಚ್‌ವರೆಗಿನ ದಾರಿ ಎರಡಕ್ಕೂ ಒಂದೇ. ಹಾಗಿದ್ದರೆ ದೋಷ ಸ್ವಿಚ್ ಮತ್ತು ಮಾಡ್ಯೂಲ್ ನಡುವಿನ ಆ ಒಂದು ಲಿಂಕ್‌ನಲ್ಲಿದೆ.

ಸ್ವಿಚ್‌ನಲ್ಲಿ ಆ ಪೋರ್ಟ್‌ನ ಕೌಂಟರ್ ತೆರೆದರು. ಸಿಆರ್‌ಸಿ ದೋಷ, ಅಂದರೆ ಕೆಟ್ಟು ಬಂದ ಪ್ಯಾಕೆಟ್‌ಗಳ ಲೆಕ್ಕ, ಏರುತ್ತಲೇ ಇತ್ತು. ಮಾಡ್ಯೂಲ್ ಕಡೆಯ ಕೌಂಟರ್‌ನಲ್ಲಿ ತಡವಾದ ಕೊಲಿಷನ್ ಏರುತ್ತಿತ್ತು. ಈ ಜೋಡಿ ಬಲ್ಲವರಿಗೆ ಬೇರೆ ಸಾಕ್ಷಿ ಬೇಡ. ಒಂದು ಕಡೆ ಸಿಆರ್‌ಸಿ, ಇನ್ನೊಂದು ಕಡೆ ತಡವಾದ ಕೊಲಿಷನ್ ಇದ್ದರೆ ಅದು ಡ್ಯೂಪ್ಲೆಕ್ಸ್ ಹೊಂದದಿರುವುದರ ಗುರುತು. ಕೇಬಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಸಿಆರ್‌ಸಿ ಮಾತ್ರ ಏರುತ್ತದೆ, ಕೊಲಿಷನ್ ಅಲ್ಲ.

ಆಗಿದ್ದೇನು ಅಂದರೆ, ಸ್ವಿಚ್ ಪೋರ್ಟ್ ಅನ್ನು ಹಿಂದೆ ಯಾರೋ 100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್ ಎಂದು ಗಟ್ಟಿಯಾಗಿ ನಿಗದಿ ಮಾಡಿದ್ದರು. ಮಾಡ್ಯೂಲ್‌ನಲ್ಲೂ ಹಾಗೇ ಇತ್ತು. ಹೊಸ ಫರ್ಮ್‌ವೇರ್ ಹತ್ತಿದಾಗ ಮಾಡ್ಯೂಲ್‌ನ ಪೋರ್ಟ್ ಸೆಟ್ಟಿಂಗ್ ಕಾರ್ಖಾನೆಯ ಮೂಲ ಸ್ಥಿತಿಗೆ, ಅಂದರೆ ಆಟೊಗೆ ಹೋಗಿತ್ತು. ಒಂದು ಕಡೆ ಆಟೊ, ಇನ್ನೊಂದು ಕಡೆ ನಿಗದಿ ಇದ್ದರೆ ಆಟೊ ಕಡೆಗೆ ಎದುರಿನಿಂದ ಮಾತುಕತೆ ಸಿಗುವುದಿಲ್ಲ. ವೇಗವನ್ನು ಸಿಗ್ನಲ್ ನೋಡಿ ತಿಳಿಯುತ್ತದೆ, ಡ್ಯೂಪ್ಲೆಕ್ಸ್ ತಿಳಿಯಲು ದಾರಿ ಇಲ್ಲ. ಹಾಗಾಗಿ ಅದು ಹಾಫ್ ಹಿಡಿಯುತ್ತದೆ. ಲಿಂಕ್ ಎಲ್‌ಇಡಿ ಹಸಿರೇ ಇರುತ್ತದೆ. ಸ್ವಿಚ್ ಯಾವಾಗ ಬೇಕೋ ಆಗ ಕಳುಹಿಸುತ್ತದೆ. ಅದೇ ಹೊತ್ತಿಗೆ ಮಾಡ್ಯೂಲ್ ಕಳುಹಿಸುತ್ತಿದ್ದರೆ ಡಿಕ್ಕಿ ಆಯಿತೆಂದು ತಿಳಿದು ತನ್ನ ಪ್ಯಾಕೆಟ್ ಅನ್ನು ನಡುವೆಯೇ ಕತ್ತರಿಸುತ್ತದೆ. ಆ ತುಂಡುಗಳೇ ಸ್ವಿಚ್‌ನಲ್ಲಿ ಸಿಆರ್‌ಸಿ ದೋಷವಾಗಿ ಕಂಡಿದ್ದು.

ಬಿ ಯಲ್ಲಿ ಯಾಕೆ ಕಾಣಲಿಲ್ಲ? ಆಗ ಎಚ್‌ಎಂಐ, ಡೇಟಾ ಕಂಪ್ಯೂಟರ್ ಎರಡೂ ಬಿಚ್ಚಿದ್ದವು. ಟ್ರಾಫಿಕ್ ಕಡಿಮೆ ಇತ್ತು, ಒಂದೋ ಎರಡೋ ಪ್ಯಾಕೆಟ್ ಕಳೆಯುತ್ತಿತ್ತು, ಸಾಲಾಗಿ ನಾಲ್ಕು ಕಳೆಯುತ್ತಿರಲಿಲ್ಲ. ಅವು ಮತ್ತೆ ಸೇರಿದಾಗ ಡಿಕ್ಕಿ ಹೆಚ್ಚಿತು. ಆದ್ದರಿಂದ ಬಿ ಪರೀಕ್ಷೆ ಎಂದರೆ ಪೂರ್ತಿ ಟ್ರಾಫಿಕ್ ಜೊತೆ ಪರೀಕ್ಷೆ ಎಂದೇ ಬರೆದಿಡಿ. ಕೌಂಟರ್‌ಗಳನ್ನು ಸೊನ್ನೆಗೆ ತಂದು, ಎಚ್‌ಎಂಐ ಸಹಿತ ಅರ್ಧ ಗಂಟೆ ಓಡಿಸಿ, ಮತ್ತೆ ಓದಿ. ಸಿಆರ್‌ಸಿ ಮತ್ತು ಕೊಲಿಷನ್ ಸೊನ್ನೆಯೇ ಇರಬೇಕು.

ಹಳೆ ಸ್ಕ್ರೀನ್‌ಶಾಟ್ ತೆಗೆದು ಈಗಿನ ಪುಟದ ಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಸರಿಪಡಿಸಲು ಎರಡು ದಾರಿ: ಎರಡೂ ಕಡೆ ನಿಗದಿ, ಅಥವಾ ಎರಡೂ ಕಡೆ ಆಟೊ. ಎರಡೂ ಕಡೆ ಆಟೊ ಇಡುವುದೇ ನನಗೆ ಸರಿ ಅನಿಸುತ್ತದೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಸೆಟ್ಟಿಂಗ್ ಮತ್ತೆ ಮೂಲ ಸ್ಥಿತಿಗೆ ಹೋದರೂ ತೊಂದರೆ ಆಗುವುದಿಲ್ಲ. ಇಲ್ಲಿ ಸ್ವಿಚ್ ಪೋರ್ಟ್ ಅನ್ನು ಆಟೊಗೆ ಬದಲಾಯಿಸಿದರು. ಲಿಂಕ್ ಒಮ್ಮೆ ಬಿದ್ದು ಎದ್ದಿತು, ಎರಡೂ ಕಡೆ 100 ಫುಲ್ ತೋರಿಸಿತು. ಕೌಂಟರ್ ನಿಂತಿತು, ಡ್ರೈವ್ ಬೀಳುವುದೂ ನಿಂತಿತು.

ಇದೇ ಹೊತ್ತಲ್ಲಿ ಕೆಲವರು ಆರ್‌ಪಿಐ ಅನ್ನು 20 ಇಂದ 100 ಕ್ಕೆ ಏರಿಸಿ ‘ಸರಿಹೋಯಿತು’ ಎನ್ನುತ್ತಾರೆ. ಟೈಮ್‌ಔಟ್ 400 ಮಿಲಿಸೆಕೆಂಡ್ ಆಗುತ್ತದೆ, ಬೀಳುವುದು ಅಪರೂಪವಾಗುತ್ತದೆ. ಆದರೆ ಡ್ರೈವ್‌ಗೆ ನಿಲ್ಲು ಎಂದು ಹೇಳಿದ ಮಾತು ತಲುಪುವುದು ತಡವಾಗುತ್ತದೆ, ಕಳೆಯುವ ಪ್ಯಾಕೆಟ್ ಕಳೆಯುತ್ತಲೇ ಇರುತ್ತದೆ. ಕೌಂಟರ್ ನೋಡದೆ ಆರ್‌ಪಿಐ ಮುಟ್ಟಬೇಡಿ.

ಹಿಂದಕ್ಕೆ ಹೋಗುವುದು ಯಾವಾಗ, ಹೇಗೆ

ಆ ತಂಡ ರೋಲ್‌ಬ್ಯಾಕ್ ಮಾಡದೆ ಹುಡುಕುತ್ತಾ ಕೂರಲು ಸಾಧ್ಯವಾಗಿದ್ದು ಗಡುವು ಮೊದಲೇ ಬರೆದಿಟ್ಟಿದ್ದರಿಂದ. ಲೈನ್ ಬೆಳಿಗ್ಗೆ 6 ರಿಂದ ಮಧ್ಯಾಹ್ನ 2 ರವರೆಗೆ ಅವರ ಕೈಯಲ್ಲಿತ್ತು. ಹಿಂದಿನಿಂದ ಲೆಕ್ಕ ಹಾಕಿದರು. ಹಿಂದಕ್ಕೆ ಹೋದ ಮೇಲೆ ಲೈನ್ ಪರೀಕ್ಷಿಸಲು 1 ಗಂಟೆ. ಪೂರ್ತಿ ಎ ಗೆ ಮರಳಲು ಒಂದೂವರೆ ಗಂಟೆ, ಇದನ್ನು ಟೇಬಲ್ ಮೇಲೆ ಮಾಡಿ ಅಳೆದಿದ್ದರು. ಕೈ ತಪ್ಪುವುದಕ್ಕೆ ಅರ್ಧ ಗಂಟೆ. ಒಟ್ಟು 3 ಗಂಟೆ. ಅಂದರೆ 11 ಗಂಟೆಗೆ ದೋಷ ಸಿಕ್ಕಿರದಿದ್ದರೆ ಚರ್ಚೆ ಇಲ್ಲ, ಹಿಂದಕ್ಕೆ. ಇನ್ನು ಹತ್ತೇ ನಿಮಿಷ ಎಂಬ ಮಾತಿಗೆ ಅವಕಾಶ ಇರಬಾರದು. ಆ ತೀರ್ಮಾನ ಯಾರದು ಎಂದೂ ಒಬ್ಬರ ಹೆಸರು ಬರೆದಿರಬೇಕು, ಮತ್ತು ಅವರು ಲ್ಯಾಪ್‌ಟಾಪ್ ಮುಂದೆ ಕೂತಿರುವವರಲ್ಲದಿದ್ದರೆ ಒಳ್ಳೆಯದು.

ಎ, ಬಿ, ಸಿ ಎಂದು ಭಾಗ ಮಾಡಿದ್ದರ ಇನ್ನೊಂದು ಉಪಯೋಗ ಇಲ್ಲಿ ಕಾಣುತ್ತದೆ. ಹಿಂದಕ್ಕೆ ಬರುವಾಗಲೂ ಬಿ ಯಲ್ಲಿ ನಿಲ್ಲಬಹುದು. ದೋಷ ಕಂಟ್ರೋಲರ್‌ನದ್ದೇ ಆಗಿದ್ದರೆ ಹಳೆ ಕಂಟ್ರೋಲರ್ ಫರ್ಮ್‌ವೇರ್ ಹಾಕಿ, ಬಿ ಪ್ರಾಜೆಕ್ಟ್ ಇಳಿಸಿ, ಅಲ್ಲೇ ಲೈನ್ ಓಡಿಸಬಹುದು. ಮಾಡ್ಯೂಲ್ ಮುಟ್ಟುವ ಅಗತ್ಯವೇ ಇಲ್ಲ. ಬಿ ಯಲ್ಲೂ ದೋಷ ಉಳಿದರೆ ಆಗ ಮಾಡ್ಯೂಲ್‌ಗೆ ಹಳೆ ಫರ್ಮ್‌ವೇರ್, ಅದರ ಐಪಿ ಮತ್ತು ಪೋರ್ಟ್ ಸೆಟ್ಟಿಂಗ್ ಸ್ಕ್ರೀನ್‌ಶಾಟ್‌ನಂತೆ, ಆಮೇಲೆ ಎ ಪ್ರಾಜೆಕ್ಟ್. ಸ್ವಿಚ್‌ನಲ್ಲಿ ಏನಾದರೂ ಬದಲಾಯಿಸಿದ್ದರೆ ಅದನ್ನೂ ಹಿಂದಿನಂತೆ ಮಾಡಬೇಕು. ಇಲ್ಲಿ ಪೋರ್ಟ್ ಆಟೊ ಮಾಡಿದ ಮೇಲೆ ಮಾಡ್ಯೂಲ್ ಹಳೆಯದಕ್ಕೆ ಹೋಗಿ ಮತ್ತೆ ನಿಗದಿಯಾದರೆ ಅದೇ ಡ್ಯೂಪ್ಲೆಕ್ಸ್ ದೋಷ ತಿರುಗುಮುರುಗಾಗಿ ಬರುತ್ತದೆ.

ಫ್ಲ್ಯಾಶ್ ಅರ್ಧಕ್ಕೆ ನಿಂತರೆ ಗಾಬರಿಯಾಗಿ ಪವರ್ ಆಫ್ ಮಾಡಬೇಡಿ. ಹೆಚ್ಚಿನ ಮಾಡ್ಯೂಲ್‌ಗಳು ಬೂಟ್ ಸ್ಥಿತಿಯಲ್ಲಿ ಕಾಯುತ್ತವೆ, ಸ್ಥಿತಿ ಎಲ್‌ಇಡಿ ಕೆಂಪು ಮಿನುಗುತ್ತದೆ. ಮಿನುಗುವ ಕೆಂಪು ಸರಿಪಡಿಸಬಹುದಾದ ದೋಷ, ಅದೇ ದಾರಿಯಲ್ಲಿ ಮತ್ತೆ ಫ್ಲ್ಯಾಶ್ ಮಾಡಿ ನೋಡಿ. ಗಟ್ಟಿ ಕೆಂಪಾಗಿ ನಿಂತರೆ, ಒಮ್ಮೆ ಪವರ್ ತೆಗೆದು ಹಾಕಿದ ಮೇಲೂ ಹಾಗೇ ಇದ್ದರೆ, ಬಿಡಿ ಮಾಡ್ಯೂಲ್ ಹಾಕುವ ಹೊತ್ತು ಬಂದಿದೆ. ಬಿಡಿ ಹಾಕಿದಾಗ ಮ್ಯಾಕ್ ವಿಳಾಸ ಬದಲಾಗುತ್ತದೆ. ಡಿಎಚ್‌ಸಿಪಿಯಲ್ಲಿ ಹಳೆ ಮ್ಯಾಕ್‌ಗೆ ಐಪಿ ಕಾಯ್ದಿರಿಸಿದ್ದರೆ, ಅಥವಾ ಸ್ವಿಚ್ ಪೋರ್ಟ್ ಒಂದೇ ಮ್ಯಾಕ್‌ಗೆ ಬೀಗ ಹಾಕಿದ್ದರೆ, ಸರಿಯಾದ ಮಾಡ್ಯೂಲ್ ಕೂಡ ಮಾತಾಡುವುದಿಲ್ಲ. ಎಚ್‌ಎಂಐ ಸ್ವಲ್ಪ ಹೊತ್ತು ಹಳೆ ಮ್ಯಾಕ್ ಅನ್ನೇ ಹುಡುಕುತ್ತಿರಬಹುದು. ಕಂಪ್ಯೂಟರ್‌ನಲ್ಲಿ `arp -a` ಹಾಕಿ ನೋಡಿದರೆ ಯಾವ ಮ್ಯಾಕ್ ಹಿಡಿದಿದೆ ಎಂದು ಗೊತ್ತಾಗುತ್ತದೆ.

ಕೊನೆಯದಾಗಿ, ಕಂಟ್ರೋಲರ್‌ನ ಮೆಮೊರಿ ಕಾರ್ಡ್. ಕಾರ್ಡ್‌ನಲ್ಲಿ ಪ್ರಾಜೆಕ್ಟ್ ಜೊತೆ ಫರ್ಮ್‌ವೇರ್ ಕೂಡ ಉಳಿಸುವ ಕಂಟ್ರೋಲರ್‌ಗಳಿವೆ. ‘ಪವರ್ ಬಂದಾಗ ಕಾರ್ಡ್‌ನಿಂದ ಲೋಡ್ ಮಾಡು’ ಎಂಬ ಆಯ್ಕೆ ಆನ್ ಇದ್ದರೆ, ಅಪ್‌ಗ್ರೇಡ್ ಆಗಿ ದಿನಗಳ ಮೇಲೆ ಒಮ್ಮೆ ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ಹಳೆ ಆವೃತ್ತಿಗೆ, ಹಳೆ ಪ್ರಾಜೆಕ್ಟ್‌ಗೆ ಮರಳುತ್ತದೆ. ಆ ಪ್ರಾಜೆಕ್ಟ್‌ಗೆ ಮಾಡ್ಯೂಲ್ 2.3 ಮಾತ್ರ ಗೊತ್ತು. ಎಂಟೂ ಉಪಕರಣ ಫಾಲ್ಟ್, ಮಾಡ್ಯೂಲ್‌ನಲ್ಲಿ `0x0116`, ಮತ್ತು ಆ ದಿನ ಯಾರೂ ಏನನ್ನೂ ಮುಟ್ಟಿರುವುದಿಲ್ಲ. ಆದ್ದರಿಂದ ಫ್ಲ್ಯಾಶ್ ಮಾಡುವ ಮೊದಲು ಕಾರ್ಡ್ ಹೊರಗೆ ತೆಗೆದು ‘ಎ’ ಎಂದು ಬರೆದು ಬ್ಯಾಕಪ್ ಜೊತೆ ಇಡಿ. ಸಿ ಸರಿಯಾಗಿ ಓಡಿದ ಮೇಲೆ ಬೇರೆ ಕಾರ್ಡ್‌ಗೆ ಹೊಸದನ್ನು ಉಳಿಸಿ ಹಾಕಿ. ಲೈನ್ ಬಿಟ್ಟುಕೊಡುವ ಮೊದಲು ಒಮ್ಮೆ ಪವರ್ ಆಫ್ ಮಾಡಿ ಆನ್ ಮಾಡಿ, ಎರಡೂ ಉಪಕರಣಗಳ ಗುರುತನ್ನು ಮತ್ತೆ ಓದಿ: ಕಂಟ್ರೋಲರ್ 6.1, ಮಾಡ್ಯೂಲ್ 3.1 ಎಂದೇ ತೋರಿಸಬೇಕು.